ಗ್ಯಾನ್ ಚಾರ್ಜರ್ ಇದ್ದೂ ಫೋನ್ ನಿಧಾನ: ತಪ್ಪು ಕೇಬಲ್‌ನದೇ ಎಂದು ಅಳೆದು ತಿಳಿಯುವ ಕ್ರಮ

ಕೊಡಗಿನ ಮಳೆಗಾಲದಲ್ಲಿ ಫೋನ್ ಚಾರ್ಜ್ ಮಾಡುವುದೆಂದರೆ ಸಮಯದ ಲೆಕ್ಕ. ಕಕ್ಕಡ ತಿಂಗಳ ಗಾಳಿಗೆ ಮರ ಬಿದ್ದು ಲೈನ್ ಹೋಯಿತೆಂದರೆ, ಮತ್ತೆ ಕರೆಂಟ್ ಬಂದ ಒಂದೆರಡು ಗಂಟೆಯೊಳಗೆ ಮನೆಯ ಎಲ್ಲ ಫೋನ್‌ಗಳೂ ತುಂಬಬೇಕು. ಅದಕ್ಕಾಗಿಯೇ ಎಷ್ಟೋ ಜನ 65 ವಾಟ್‌ನ ಪುಟ್ಟ ಗ್ಯಾನ್ ಚಾರ್ಜರ್ ತಂದಿಟ್ಟುಕೊಂಡಿದ್ದಾರೆ. ಆದರೂ ಬರುವ ಪ್ರಶ್ನೆ ಒಂದೇ: "ಹೊಸ ಚಾರ್ಜರ್ ಹಾಕಿದರೂ ಹಳೆಯದರಷ್ಟೇ ನಿಧಾನ, ಚಾರ್ಜರ್ ಡೂಪ್ಲಿಕೇಟ್ ಇರಬಹುದಾ?" ಹೆಚ್ಚಿನವರು ಚಾರ್ಜರ್ ವಾಪಸ್ ಮಾಡುತ್ತಾರೆ, ಇಲ್ಲವೇ ಫೋನಿನ ಬ್ಯಾಟರಿ ಬದಲಿಸಲು ಹೊರಡುತ್ತಾರೆ. ಕೇಬಲನ್ನು ಮಾತ್ರ ಯಾರೂ ಅನುಮಾನಿಸುವುದಿಲ್ಲ, ಏಕೆಂದರೆ ಫೋನಿನ ಪರದೆಯ ಮೇಲೆ `Fast charging` ಎಂದು ಬರುತ್ತಲೇ ಇರುತ್ತದೆ.

ಆ ಅಕ್ಷರಗಳನ್ನು ಪೂರ್ತಿ ನಂಬಬಾರದು. ಟೈಪ್-ಸಿ ಕೇಬಲ್‌ನೊಳಗೆ ಚಾರ್ಜರ್ ಮತ್ತು ಫೋನ್ ಮಾತಾಡಿಕೊಳ್ಳಲು ಸಿಸಿ ಎಂಬ ಪ್ರತ್ಯೇಕ ಸಣ್ಣ ತಂತಿ ಇದೆ. "9 ವೋಲ್ಟ್ ಕೊಡು" ಎಂದು ಫೋನ್ ಕೇಳುವುದು, "ಕೊಟ್ಟೆ" ಎಂದು ಚಾರ್ಜರ್ ಒಪ್ಪುವುದು ಅದರ ಮೂಲಕ. ನಿಜವಾದ ವಿದ್ಯುತ್ ಹರಿಯುವುದು ಬೇರೆ ತಂತಿಗಳಲ್ಲಿ. ಕಳಪೆ ಕೇಬಲ್‌ನಲ್ಲೂ ಮಾತುಕತೆ ಸರಿಯಾಗಿಯೇ ನಡೆಯುತ್ತದೆ, ಹಾಗಾಗಿ ಪರದೆಯಲ್ಲಿ ವೇಗದ ಚಾರ್ಜಿಂಗ್ ಎಂದೇ ಬರುತ್ತದೆ. ವಿದ್ಯುತ್ ಒಯ್ಯುವ ತಂತಿ ತೆಳುವಾಗಿದ್ದರೆ ದಾರಿಯಲ್ಲೇ ವೋಲ್ಟೇಜ್ ಕುಸಿಯುತ್ತದೆ. ಬರುವ ವೋಲ್ಟೇಜ್ ಒಂದು ಮಿತಿಗಿಂತ ಕೆಳಗಿಳಿದದ್ದನ್ನು ಕಂಡ ಫೋನ್ ತಾನು ಎಳೆಯುವ ಕರೆಂಟನ್ನು ತಾನೇ ಇಳಿಸಿಕೊಳ್ಳುತ್ತದೆ. ಇದಕ್ಕೆ ಎಚ್ಚರಿಕೆಯ ಸಂದೇಶವೇನೂ ಬರುವುದಿಲ್ಲ.

ತೋಟದಲ್ಲಿ ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಹೊಸದಲ್ಲ: ಪಂಪ್ ಎಷ್ಟೇ ದೊಡ್ಡದಿರಲಿ, ಸಣ್ಣ ಪೈಪನ್ನು ದೂರ ಎಳೆದರೆ ಕೊನೆಯ ಜೆಟ್ ಸರಿಯಾಗಿ ತಿರುಗುವುದಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲೇ ಕೇಬಲ್ ಅಳೆಯಲು ಹೋಗಿ, ಕೊನೆಗೆ ಚಾರ್ಜರ್‌ನ ಆ ಪೋರ್ಟ್ ಬರೀ 20 ವಾಟ್‌ನದು ಎಂದು ಗೊತ್ತಾದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

## ಬೇಕಾದ ಸಾಮಾನು

ಮುಖ್ಯವಾಗಿ ಬೇಕಾದದ್ದು ಟೈಪ್-ಸಿ ಪವರ್ ಮೀಟರ್. ಹೆಬ್ಬೆರಳಿನ ಗಾತ್ರದ ಇದಕ್ಕೆ ಒಂದು ಕಡೆ ಪ್ಲಗ್, ಇನ್ನೊಂದು ಕಡೆ ಸಾಕೆಟ್, ಮಧ್ಯೆ ವೋಲ್ಟ್ ಮತ್ತು ಆಂಪಿಯರ್ ತೋರಿಸುವ ಪುಟ್ಟ ಪರದೆ. ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಎರಡೂ ತುದಿ ಟೈಪ್-ಸಿ ಇರುವುದನ್ನೇ ತನ್ನಿ. ಹಳೆಯ ಅಗಲ ಯುಎಸ್‌ಬಿಯ ಮೀಟರ್ ಈ ಕೆಲಸಕ್ಕೆ ಬಾರದು.

ಜೊತೆಗೆ ಹೋಲಿಕೆಗೆ ಒಂದು ಒಳ್ಳೆಯ ಗಿಡ್ಡ ಕೇಬಲ್ ಬೇಕು. ಫೋನ್ ಅಥವಾ ಲ್ಯಾಪ್‌ಟಾಪ್ ಜೊತೆ ಡಬ್ಬದಲ್ಲೇ ಬಂದ ಒಂದು ಮೀಟರಿನ ಕೇಬಲ್ ಸಾಕು. ಕಾಗದ, ಪೆನ್ನು ಪಕ್ಕದಲ್ಲಿರಲಿ. ಮೀಟರ್ ಇಲ್ಲದವರು 5ನೇ ಹಂತ ನೋಡಿ.

## ಹಂತ 1: ಚಾರ್ಜರ್ ಮೇಲಿನ ಸಣ್ಣ ಅಕ್ಷರ ಓದಿ

ಗ್ಯಾನ್ ಎಂದರೆ ಗ್ಯಾಲಿಯಂ ನೈಟ್ರೈಡ್. ಈ ವಸ್ತುವಿನ ಸ್ವಿಚ್‌ಗಳು ಸಿಲಿಕಾನ್ ಸ್ವಿಚ್‌ಗಳಿಗಿಂತ ಕಡಿಮೆ ನಷ್ಟದಲ್ಲಿ, ಹೆಚ್ಚು ವೇಗವಾಗಿ ಆನ್-ಆಫ್ ಆಗುತ್ತವೆ. ಆದ್ದರಿಂದ ಒಳಗಿನ ಟ್ರಾನ್ಸ್‌ಫಾರ್ಮರ್ ಚಿಕ್ಕದಾಗಿ, ಚಾರ್ಜರ್ ಪುಟ್ಟದಾಗುತ್ತದೆ. ಅದರಿಂದ ಸಿಗುವ ಲಾಭ ಗಾತ್ರದ್ದು, ತಂಪಿನದು. 65 ವಾಟ್‌ನ ಗ್ಯಾನ್ ಚಾರ್ಜರ್, 65 ವಾಟ್‌ನ ಹಳೆಯ ದಪ್ಪ ಚಾರ್ಜರ್‌ಗಿಂತ ಫೋನನ್ನು ಬೇಗ ತುಂಬಿಸುವುದಿಲ್ಲ.

ಚಾರ್ಜರ್‌ನ ಬೆನ್ನ ಮೇಲೆ ಔಟ್‌ಪುಟ್ ಎಂಬ ಸಾಲು ಹುಡುಕಿ. ಫೋನಿನ ಟಾರ್ಚ್ ಹಾಕಿಕೊಂಡೇ ಓದಬೇಕಾದೀತು. ಅಲ್ಲಿ 5 ವೋಲ್ಟ್ 3 ಆಂಪಿಯರ್, 9 ವೋಲ್ಟ್ 3 ಆಂಪಿಯರ್, 15 ವೋಲ್ಟ್ 3 ಆಂಪಿಯರ್, 20 ವೋಲ್ಟ್ 3.25 ಆಂಪಿಯರ್ ಎಂದು ಜೋಡಿಗಳಿರುತ್ತವೆ. 65 ವಾಟ್ ಬರುವುದು ಕೊನೆಯ ಜೋಡಿಯಲ್ಲಿ ಮಾತ್ರ, ಅದು ಲ್ಯಾಪ್‌ಟಾಪ್‌ಗೆ. 9 ವೋಲ್ಟ್ ಕೇಳುವ ಫೋನಿಗೆ ಇದೇ ಚಾರ್ಜರ್‌ನಿಂದ ಸಿಗುವುದು ಹೆಚ್ಚೆಂದರೆ 27 ವಾಟ್. ಪಿಪಿಎಸ್ ಎಂಬ ಬೇರೆ ಸಾಲು ಇದ್ದರೆ ಅದರಲ್ಲಿ ಎಷ್ಟು ಆಂಪಿಯರ್ ಇದೆ ಎಂದು ಬರೆದಿಟ್ಟುಕೊಳ್ಳಿ. ಫೋನ್ ತನಗೆ ಬೇಕಾದ ವೋಲ್ಟೇಜನ್ನು ಸಣ್ಣ ಸಣ್ಣ ಮೆಟ್ಟಿಲಲ್ಲಿ ಕೇಳಿ ಪಡೆಯುವ ವಿಧಾನ ಅದು.

ಇಲ್ಲಿ ಎಲ್ಲರೂ ಎಡವುವುದು ಪೋರ್ಟ್ ಹಂಚಿಕೆಯಲ್ಲಿ. ಎರಡು ಮೂರು ಪೋರ್ಟ್ ಇರುವ ಚಾರ್ಜರ್‌ಗೆ ಎರಡನೆಯ ಫೋನ್ ಹಾಕಿದ ಕೂಡಲೇ ಒಟ್ಟು ಶಕ್ತಿ ಭಾಗವಾಗುತ್ತದೆ. ಮೊದಲನೆಯದಕ್ಕೆ 45, ಎರಡನೆಯದಕ್ಕೆ 20 ಎಂಬಂಥ ಹಂಚಿಕೆ ಸಾಮಾನ್ಯ. ಹೋಂಸ್ಟೇಗಳಲ್ಲಿ ಅತಿಥಿಗಳು ಒಂದೇ ಚಾರ್ಜರ್‌ಗೆ ಮೂರು ಫೋನ್ ಸಿಕ್ಕಿಸಿ ಕೇಬಲನ್ನು ಬೈಯುವುದು ಇದರಿಂದಲೇ. ಪರೀಕ್ಷೆ ಮಾಡುವಾಗ ಒಂದೇ ಪೋರ್ಟ್, ಒಂದೇ ಫೋನ್ ಇರಲಿ.

ಬಿಐಎಸ್‌ನ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ಎಂದೂ ನೋಡಿ. `BIS Care` ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ತೋರಿಸುತ್ತದೆ. ಸಂಖ್ಯೆಯೇ ಇಲ್ಲದ ಚಾರ್ಜರ್‌ಗೆ ಕೇಬಲ್ ಪರೀಕ್ಷೆ ಮಾಡುವ ಗೋಜಿಗೆ ಹೋಗಬೇಡಿ, ಅದನ್ನೇ ಬದಲಿಸಿ.

## ಹಂತ 2: ನಿಮ್ಮ ಫೋನ್ ಏನು ಕೇಳುತ್ತದೆ ಎಂದು ತಿಳಿಯಿರಿ

ಫೋನಿನ ಜಾಹೀರಾತಿನ ವಾಟ್ ಸಂಖ್ಯೆಗಿಂತ ಅದು ಎಷ್ಟು ಆಂಪಿಯರ್ ಎಳೆಯುತ್ತದೆ ಎಂಬುದು ಮುಖ್ಯ. ಕೇಬಲನ್ನು ಕಾಡುವುದು ಆಂಪಿಯರ್.

ಮಾಮೂಲಿ ಟೈಪ್-ಸಿ ಕೇಬಲ್‌ಗೆ ನಿಯಮದ ಪ್ರಕಾರ 3 ಆಂಪಿಯರ್ ಮಿತಿ. ಅದಕ್ಕಿಂತ ಹೆಚ್ಚು, ಅಂದರೆ 5 ಆಂಪಿಯರ್ ಒಯ್ಯಬೇಕಾದರೆ ಪ್ಲಗ್‌ನೊಳಗೆ ಇ-ಮಾರ್ಕರ್ ಎಂಬ ಚಿಪ್ ಇರಲೇಬೇಕು. ಚಾರ್ಜರ್ ಆ ಚಿಪ್ಪನ್ನು ಓದುತ್ತದೆ. ಚಿಪ್ ಕಾಣದಿದ್ದರೆ 3 ಆಂಪಿಯರ್‌ಗೇ ನಿಲ್ಲುತ್ತದೆ.

"ನನ್ನ ಫೋನ್ 45 ವಾಟ್, ಕೇಬಲ್ 60 ವಾಟ್, ಮತ್ತೇಕೆ ಸಾಲದು?" ಎಂಬ ಗೊಂದಲ ಹುಟ್ಟುವುದು ಇಲ್ಲೇ. ಕೇಬಲ್‌ನ 60 ವಾಟ್ ಎಂದರೆ 20 ವೋಲ್ಟ್‌ಗೆ 3 ಆಂಪಿಯರ್. ಸ್ಯಾಮ್‌ಸಂಗ್‌ನ 45 ವಾಟ್ ಚಾರ್ಜಿಂಗ್ ನಡೆಯುವುದು ಸುಮಾರು 10 ವೋಲ್ಟ್‌ಗೆ 4.5 ಆಂಪಿಯರ್‌ನಲ್ಲಿ. 3 ಆಂಪಿಯರ್‌ನ ಕೇಬಲ್‌ನಲ್ಲಿ 10 ವೋಲ್ಟ್ ಹರಿದರೆ ಆಗುವುದು 30 ವಾಟ್ ಮಾತ್ರ. ಹಾಗಾಗಿ ಅಂಥ ಫೋನಿಗೆ 5 ಆಂಪಿಯರ್ ಕೇಬಲ್ಲೇ ಬೇಕು, ಚಾರ್ಜರ್‌ನ ಪಿಪಿಎಸ್ ಸಾಲಿನಲ್ಲೂ ಅಷ್ಟು ಆಂಪಿಯರ್ ಇರಬೇಕು. ಎಲ್ಲ ಸರಿಯಿದ್ದರೆ ಪರದೆಯಲ್ಲಿ `Super fast charging 2.0` ಎಂದು ಬರುತ್ತದೆ. 2.0 ಇಲ್ಲದೆ ಬಂದರೆ ಕೇಬಲ್ ಅಥವಾ ಚಾರ್ಜರ್ ಆಂಪಿಯರ್ ಸಾಲದೆ ಹಿಂದೆ ಬಿದ್ದಿದೆ ಎಂದರ್ಥ.

ಒನ್‌ಪ್ಲಸ್, ಒಪ್ಪೊ, ರಿಯಲ್‌ಮಿಯಂಥ ಫೋನ್‌ಗಳ 65, 80 ವಾಟ್‌ಗಳ ಕತೆಯೇ ಬೇರೆ. ಅವುಗಳ ಪೂರ್ತಿ ವೇಗಕ್ಕೆ ಅವರದೇ ಚಾರ್ಜರ್, ಅವರದೇ ಕೇಬಲ್ ಬೇಕು. ಹೊರಗಿನ ಗ್ಯಾನ್ ಚಾರ್ಜರ್ ಹಾಕಿದರೆ ವೇಗ ಬಹಳ ಇಳಿಯುತ್ತದೆ, ಅದು ಕೇಬಲ್‌ನ ದೋಷವಲ್ಲ.

## ಹಂತ 3: ಕೇಬಲನ್ನು ಕೈಯಲ್ಲಿ ಹಿಡಿದು ನೋಡಿ

ಮೊದಲು ಉದ್ದ ಅಳೆಯಿರಿ. ಹಳ್ಳಿಮನೆಗಳಲ್ಲಿ ಯುಪಿಎಸ್ ಪಾಯಿಂಟ್ ಹಾಲ್‌ನಲ್ಲೋ ಅಡುಗೆಮನೆಯಲ್ಲೋ ಒಂದೇ ಇರುತ್ತದೆ. ಮಂಚದವರೆಗೆ ಎಟುಕಲಿ ಎಂದು ಎರಡು, ಮೂರು ಮೀಟರಿನ ಕೇಬಲ್ ತರುತ್ತಾರೆ. ತೊಂದರೆಯ ಮೂಲ ಬಹುತೇಕ ಅದೇ. ಉದ್ದ ಇಮ್ಮಡಿಯಾದರೆ ತಂತಿಯ ರೋಧವೂ ಇಮ್ಮಡಿ.

ಆಮೇಲೆ ಕೇಬಲ್ ಮೇಲಿನ ಅಚ್ಚು ಓದಿ. ಎಡಬ್ಲ್ಯುಜಿ ಎಂಬ ಸಂಖ್ಯೆ ಇದ್ದರೆ ಅದು ತಂತಿಯ ದಪ್ಪ. ಸಂಖ್ಯೆ ದೊಡ್ಡದಾದಷ್ಟೂ ತಂತಿ ತೆಳು. 28 ಎಂದರೆ ಬಹಳ ತೆಳು, 22 ಅಥವಾ 20 ಒಳ್ಳೆಯದು. ಒಂದೇ ಕೇಬಲ್ ಮೇಲೆ ಎರಡು ಸಂಖ್ಯೆಗಳಿದ್ದರೆ ಚಿಕ್ಕ ಸಂಖ್ಯೆ ವಿದ್ಯುತ್ ತಂತಿಯದು, ದೊಡ್ಡದು ಡೇಟಾ ತಂತಿಯದು. 28ರ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್ ರೋಧ. ಎರಡು ಮೀಟರಿನ ಕೇಬಲ್‌ನಲ್ಲಿ ಹೋಗುವ ತಂತಿ, ಬರುವ ತಂತಿ ಸೇರಿ ನಾಲ್ಕು ಮೀಟರ್, ಅಂದರೆ ಸುಮಾರು 0.85 ಓಮ್. 22ರ ತಂತಿಯಲ್ಲಿ ಇದೇ ಉದ್ದಕ್ಕೆ ಸುಮಾರು 0.21 ಓಮ್ ಮಾತ್ರ.

ಹೊರಗಿನ ದಪ್ಪಕ್ಕೆ ಮೋಸಹೋಗಬೇಡಿ. ನೈಲಾನ್ ಹೆಣಿಗೆ ಹಾಕಿದ ದಪ್ಪನೆಯ ಕೇಬಲ್‌ನೊಳಗೆ ಕೂದಲೆಳೆಯಂಥ ತಂತಿ ಇರುವುದು ಸಾಮಾನ್ಯ. ಕೆಲವದರಲ್ಲಿ ತಾಮ್ರವೂ ಪೂರ್ತಿ ಇರುವುದಿಲ್ಲ, ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಮಾತ್ರ. ಅದರ ರೋಧ ಅದೇ ದಪ್ಪದ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು, ಬಾಗಿಸಿದಲ್ಲಿ ಬೇಗ ತುಂಡಾಗುವುದೂ ಅದೇ.

ಪ್ಲಗ್‌ನ ಬಾಯಿಯೊಳಗೆ ಹಸಿರು ಅಥವಾ ಕಪ್ಪು ಕಲೆ ಇದೆಯೇ ನೋಡಿ. ನಮ್ಮ ತೇವದ ಹವೆಯಲ್ಲಿ, ಅದರಲ್ಲೂ ಒದ್ದೆ ಕೈಯಲ್ಲಿ ಸಿಕ್ಕಿಸುವ ಮನೆಗಳಲ್ಲಿ, ಪ್ಲಗ್‌ನ ಪಿನ್‌ಗಳು ಕಿಲುಬು ಹಿಡಿಯುತ್ತವೆ. ಅಂಥ ಕೇಬಲ್ ಪರೀಕ್ಷೆಗೂ ಬೇಡ, ಫೋನಿನ ಪೋರ್ಟನ್ನೂ ಕೆಡಿಸುತ್ತದೆ.

## ಹಂತ 4: ಮೀಟರ್ ಹಾಕಿ ಅಳೆಯಿರಿ

ಬ್ಯಾಟರಿ 20ರಿಂದ 40 ಶೇಕಡಾ ನಡುವೆ ಇರುವಾಗ ಮಾಡಿ. 80 ದಾಟಿದ ಮೇಲೆ ಎಲ್ಲ ಫೋನ್‌ಗಳೂ ತಾವಾಗಿಯೇ ನಿಧಾನವಾಗುತ್ತವೆ, ಆಗ ಅಳೆದ ಅಂಕಿಗೆ ಅರ್ಥವಿಲ್ಲ. ಫೋನ್ ಬಿಸಿಯಾಗಿರಬಾರದು, ಪರದೆ ಆಫ್ ಇರಬೇಕು, ಹಿಂದಿನ ಕವರ್ ತೆಗೆದಿರಲಿ.

ಮೊದಲು ಮೀಟರನ್ನು ಚಾರ್ಜರ್‌ಗೆ ಸಿಕ್ಕಿಸಿ, ಮೀಟರ್‌ಗೆ ಕೇಬಲ್, ಕೇಬಲ್‌ಗೆ ಫೋನ್. ಒಂದು ನಿಮಿಷ ಬಿಡಿ, ಅಂಕಿ ನಿಲ್ಲಲಿ. ವೋಲ್ಟ್, ಆಂಪಿಯರ್ ಎರಡನ್ನೂ ಬರೆಯಿರಿ. ನಂತರ ಮೀಟರನ್ನು ಫೋನಿನ ತುದಿಗೆ ಸಾಗಿಸಿ: ಚಾರ್ಜರ್, ಕೇಬಲ್, ಮೀಟರ್, ಫೋನ್. ಮತ್ತೆ ಒಂದು ನಿಮಿಷ ಬಿಟ್ಟು ಬರೆಯಿರಿ. ಎರಡು ಅಳತೆಗಳ ನಡುವೆ ಹೆಚ್ಚು ಹೊತ್ತು ಕಳೆಯಬೇಡಿ. ಬ್ಯಾಟರಿ ತುಂಬುತ್ತಾ ಹೋದಂತೆ ಕರೆಂಟ್ ಬದಲಾಗುತ್ತದೆ, ಆಗ ಹೋಲಿಕೆ ಕೆಡುತ್ತದೆ. ಎರಡೂ ಸಲ ಆಂಪಿಯರ್ ಹೆಚ್ಚುಕಡಿಮೆ ಒಂದೇ ಇರಬೇಕು.

ಲೆಕ್ಕ ಇಷ್ಟೇ:

```
R = (V1 − V2) ÷ I
```

`V1` ಚಾರ್ಜರ್ ತುದಿಯ ವೋಲ್ಟ್, `V2` ಫೋನ್ ತುದಿಯ ವೋಲ್ಟ್, `I` ಆಂಪಿಯರ್. ಬಂದ `R` ನಿಮ್ಮ ಕೇಬಲ್‌ನ ಒಟ್ಟು ರೋಧ, ಓಮ್‌ನಲ್ಲಿ.

ಸಿದ್ದಾಪುರದ ಕಡೆಯ ತೋಟದ ಮನೆಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. 65 ವಾಟ್ ಗ್ಯಾನ್ ಚಾರ್ಜರ್, 9 ವೋಲ್ಟ್‌ನಲ್ಲಿ 25 ವಾಟ್‌ವರೆಗೆ ಎಳೆಯುವ ಫೋನ್, ಸಂತೆಯಲ್ಲಿ ಕೊಂಡ ಎರಡು ಮೀಟರಿನ ಕೇಬಲ್. ಚಾರ್ಜರ್ ತುದಿಯಲ್ಲಿ ಮೀಟರ್ 9.0 ವೋಲ್ಟ್, 1.6 ಆಂಪಿಯರ್ ತೋರಿಸುತ್ತದೆ. ಫೋನ್ ತುದಿಯಲ್ಲಿ 7.9 ವೋಲ್ಟ್, ಅದೇ 1.6 ಆಂಪಿಯರ್. ವ್ಯತ್ಯಾಸ 1.1 ವೋಲ್ಟ್, 1.6ರಿಂದ ಭಾಗಿಸಿದರೆ ಸುಮಾರು 0.7 ಓಮ್. ಫೋನಿಗೆ ತಲುಪಿದ್ದು 12.6 ವಾಟ್. ಸುಮಾರು 1.8 ವಾಟ್ ಕೇಬಲನ್ನು ಬಿಸಿ ಮಾಡಿ ಮುಗಿಯಿತು. ಹಾಳಾದ ಆ 1.8 ವಾಟ್ ಸಣ್ಣದು. ದೊಡ್ಡ ನಷ್ಟವೆಂದರೆ ವೋಲ್ಟೇಜ್ ಕುಸಿದದ್ದನ್ನು ನೋಡಿ ಫೋನ್ 2.7 ಆಂಪಿಯರ್ ಬದಲು 1.6ಕ್ಕೇ ನಿಂತದ್ದು.

ಅದೇ ಚಾರ್ಜರ್‌ಗೆ, ಅದೇ ಫೋನಿಗೆ ಒಂದು ಮೀಟರಿನ ಒಳ್ಳೆಯ ಕೇಬಲ್ ಹಾಕಿದರೆ ಚಾರ್ಜರ್ ತುದಿಯಲ್ಲಿ 9.0 ವೋಲ್ಟ್, 2.6 ಆಂಪಿಯರ್. ಫೋನ್ ತುದಿಯಲ್ಲಿ 8.6 ವೋಲ್ಟ್. ರೋಧ ಸುಮಾರು 0.15 ಓಮ್, ತಲುಪಿದ್ದು 22 ವಾಟ್‌ಗಿಂತ ತುಸು ಹೆಚ್ಚು. 5000 ಎಂಎಎಚ್ ಬ್ಯಾಟರಿ ಎಂದರೆ ಸುಮಾರು 19 ವಾಟ್-ಅವರ್. ಫೋನಿನೊಳಗೆ ಹತ್ತರಲ್ಲೊಂದು ಪಾಲು ಶಾಖವಾಗಿ ಹೋಯಿತೆಂದು ಹಿಡಿದರೂ, 20ರಿಂದ 60 ಶೇಕಡಾಕ್ಕೆ ಏರಲು ಮೊದಲ ಕೇಬಲ್‌ಗೆ ಸುಮಾರು 40 ನಿಮಿಷ, ಎರಡನೆಯದಕ್ಕೆ 23 ನಿಮಿಷ. ಕರೆಂಟ್ ಅರ್ಧ ಗಂಟೆ ಮಾತ್ರ ಬಂದ ದಿನ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ.

ಅಂಕಿಯನ್ನು ಹೀಗೆ ಓದಿ. ಟೈಪ್-ಸಿ ನಿಯಮದಂತೆ ಪೂರ್ಣ ಕರೆಂಟ್‌ನಲ್ಲಿ ಹೋಗುವ ತಂತಿಯಲ್ಲಿ 0.5 ವೋಲ್ಟ್, ಬರುವ ತಂತಿಯಲ್ಲಿ 0.25 ವೋಲ್ಟ್, ಒಟ್ಟು 0.75 ವೋಲ್ಟ್‌ಗಿಂತ ಹೆಚ್ಚು ಕುಸಿಯಬಾರದು. 3 ಆಂಪಿಯರ್ ಕೇಬಲ್‌ಗೆ ಅದು 0.25 ಓಮ್, 5 ಆಂಪಿಯರ್ ಕೇಬಲ್‌ಗೆ 0.15 ಓಮ್. ಇದಕ್ಕಿಂತ ತುಸು ಮೇಲಿದ್ದರೆ ಫೋನಿಗೆ ನಡೆಯುತ್ತದೆ. 0.4 ದಾಟಿದರೆ ಆ ಕೇಬಲನ್ನು ವೇಗದ ಚಾರ್ಜಿಂಗ್‌ಗೆ ಬಳಸಬೇಡಿ ಎಂಬುದು ನನ್ನ ಸಲಹೆ. ಪಿಪಿಎಸ್ ಬಳಸುವ ಫೋನ್ ಹೆಚ್ಚು ವೋಲ್ಟೇಜ್ ಕೇಳಿ ಕುಸಿತವನ್ನು ಒಂದಿಷ್ಟು ತುಂಬಿಕೊಳ್ಳಬಲ್ಲದು. ಆದ್ದರಿಂದ ವಾಟ್ ಸರಿಯಾಗಿ ಕಂಡರೂ ಓಮ್ ಲೆಕ್ಕ ಬಿಡಬೇಡಿ.

ಪಿಪಿಎಸ್ ಬಳಸದೆ ನೇರ 9 ವೋಲ್ಟ್ ಕೇಳುವ ಫೋನಿನಲ್ಲಿ, ಚಾರ್ಜರ್ ತುದಿಯಲ್ಲೇ 9ರ ಬದಲು 8.3 ವೋಲ್ಟ್ ಕಂಡರೆ ತಪ್ಪು ಕೇಬಲ್‌ನದಲ್ಲ, ಚಾರ್ಜರ್‌ನದು.

ಇನ್ನೊಂದು ವಿಷಯಕ್ಕೆ ಬಹಳ ಜನ ಗೊಂದಲಪಡುತ್ತಾರೆ: "ಇದೇ ಕೇಬಲ್‌ನಲ್ಲಿ ಲ್ಯಾಪ್‌ಟಾಪ್ ಚೆನ್ನಾಗಿಯೇ ಚಾರ್ಜ್ ಆಗುತ್ತಲ್ಲ?" ಆಗುತ್ತದೆ. 0.7 ಓಮ್‌ನ ಕೇಬಲ್‌ನಲ್ಲಿ 2 ಆಂಪಿಯರ್ ಹರಿದರೆ ಕುಸಿಯುವುದು 1.4 ವೋಲ್ಟ್. 20 ವೋಲ್ಟ್‌ನಲ್ಲಿ ಅದು ನೂರಕ್ಕೆ ಏಳು ಮಾತ್ರ, ಲ್ಯಾಪ್‌ಟಾಪ್ ಗಮನಿಸುವುದೂ ಇಲ್ಲ. 9 ವೋಲ್ಟ್‌ನಲ್ಲಿ ಅದೇ 1.4 ನೂರಕ್ಕೆ ಹದಿನೈದಕ್ಕಿಂತ ಹೆಚ್ಚು, 5 ವೋಲ್ಟ್‌ನಲ್ಲಿ ನೂರಕ್ಕೆ ಇಪ್ಪತ್ತೆಂಟು. ಲ್ಯಾಪ್‌ಟಾಪ್‌ಗೆ ಸರಿಹೋದ ಕೇಬಲ್ ಫೋನಿಗೂ ಸರಿ ಎಂಬ ತರ್ಕ ಇಲ್ಲಿ ನಡೆಯದು.

## ಹಂತ 5: ಮೀಟರ್ ಇಲ್ಲದಿದ್ದರೆ

ಗಡಿಯಾರದಿಂದಲೂ ತಿಳಿಯಬಹುದು, ತಾಳ್ಮೆ ಬೇಕು ಅಷ್ಟೇ. ಬ್ಯಾಟರಿ 25 ಶೇಕಡಾ ಇರುವಾಗ ಅನುಮಾನದ ಕೇಬಲ್ ಹಾಕಿ, ಪರದೆ ಆಫ್ ಮಾಡಿ 15 ನಿಮಿಷ ಬಿಡಿ. ಎಷ್ಟು ಏರಿತು ಬರೆಯಿರಿ. ಮರುದಿನ ಅದೇ 25 ಶೇಕಡಾದಿಂದ ಗಿಡ್ಡ ಒಳ್ಳೆಯ ಕೇಬಲ್‌ನಲ್ಲಿ 15 ನಿಮಿಷ. ಎರಡನೆಯ ಸಲ ಮೊದಲಿಗಿಂತ ಒಂದೂವರೆ ಪಟ್ಟು ಏರಿದರೆ ಅಪರಾಧಿ ಸಿಕ್ಕಂತೆ. ಒಂದೇ ದಿನ ಬೆನ್ನುಬೆನ್ನಿಗೆ ಮಾಡಬೇಡಿ, ಮೊದಲ ಸಲಕ್ಕೆ ಬಿಸಿಯಾದ ಫೋನ್ ಎರಡನೆಯ ಸಲ ತಾನಾಗಿ ನಿಧಾನವಾಗಬಹುದು.

ಕರೆಂಟ್ ತೋರಿಸುವ ಆ್ಯಪ್‌ಗಳು ಹೋಲಿಕೆಗೆ ಮಾತ್ರ. ಅವು ತೋರಿಸುವುದು ಬ್ಯಾಟರಿಯೊಳಗೆ ಹೋಗುವ ಕರೆಂಟ್, ಕೇಬಲ್‌ನದಲ್ಲ. ಬ್ಯಾಟರಿ ಸುಮಾರು 4 ವೋಲ್ಟ್‌ನದಾದ್ದರಿಂದ ಆ ಅಂಕಿ ಕೇಬಲ್‌ನ ಕರೆಂಟ್‌ಗಿಂತ ದೊಡ್ಡದಾಗಿ ಕಾಣುತ್ತದೆ.

## ಹಂತ 6: ಈ ಲಕ್ಷಣ ಕಂಡರೆ ಕೂಡಲೇ ತೆಗೆಯಿರಿ

ನಿಧಾನ ಒಂದು ತೊಂದರೆ, ಬಿಸಿ ಅಪಾಯ. ಕೇಬಲ್‌ನ ಮಧ್ಯಭಾಗ ಬೆಚ್ಚಗಾದರೆ ತಂತಿ ತೆಳು. ಪ್ಲಗ್‌ನ ಭಾಗ ಮಾತ್ರ ಮುಟ್ಟಲಾಗದಷ್ಟು ಬಿಸಿಯಾದರೆ ಸಂಪರ್ಕ ಕೆಟ್ಟಿದೆ, ಅದು ಪ್ಲಾಸ್ಟಿಕ್ ಕರಗುವ ಹಂತಕ್ಕೂ ಹೋಗಬಹುದು. ಸುಟ್ಟ ವಾಸನೆ, ಪ್ಲಗ್ ಹಳದಿಯಾಗುವುದು, ಅಲುಗಿಸಿದರೆ ಚಾರ್ಜ್ ಬಿಟ್ಟುಬಿಟ್ಟು ಬರುವುದು, ಇವುಗಳಲ್ಲಿ ಯಾವುದಿದ್ದರೂ ಸ್ವಿಚ್ ಆಫ್ ಮಾಡಿಯೇ ಕಳಚಿ.

ಎಲ್ಲಕ್ಕಿಂತ ಕೆಟ್ಟದ್ದು ಸುಳ್ಳು ಇ-ಮಾರ್ಕರ್. ತೆಳು ತಂತಿಯ ಕೇಬಲ್‌ಗೆ 5 ಆಂಪಿಯರ್ ಎಂದು ಹೇಳುವ ಚಿಪ್ ಕೂರಿಸಿದರೆ ಚಾರ್ಜರ್ ನಂಬಿ ಪೂರ್ತಿ ಕರೆಂಟ್ ಹರಿಸುತ್ತದೆ. 0.5 ಓಮ್‌ನ ಕೇಬಲ್‌ನಲ್ಲಿ 5 ಆಂಪಿಯರ್ ಎಂದರೆ 12.5 ವಾಟ್ ಶಾಖ. ಅದು ಹಾಸಿಗೆಯ ಮೇಲೆ, ಕಂಬಳಿಯ ಕೆಳಗೆ ಸುರುಳಿಯಾಗಿ ಬಿದ್ದಿದ್ದರೆ ಏನಾಗಬಹುದೆಂದು ಯೋಚಿಸಿ. ಹೊಸ 5 ಆಂಪಿಯರ್ ಕೇಬಲ್ ತಂದ ದಿನ ಅರ್ಧ ಗಂಟೆ ಪಕ್ಕದಲ್ಲೇ ಇದ್ದು ಕೈಯಿಂದ ಮುಟ್ಟಿ ನೋಡಿ.

ಫೋನ್ ಪೋರ್ಟ್ ಒದ್ದೆ ಎಂದು ಎಚ್ಚರಿಸಿದರೆ ಒತ್ತಾಯದಿಂದ ಚಾರ್ಜ್ ಮಾಡಬೇಡಿ. ಬಾಯಿ ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಫ್ಯಾನ್ ಗಾಳಿಗೆ ಇಡಿ. ಅಕ್ಕಿಯಲ್ಲಿ ಹೂತರೆ ಹುಡಿ ಒಳಗೆ ಸೇರುತ್ತದೆ. ಒಲೆಯ ಹತ್ತಿರ ಇಡುವುದೂ ತಪ್ಪು.

## ಹಂತ 7: ಬದಲಿಸುವಾಗ ಏನು ಕೊಳ್ಳಬೇಕು, ಎಲ್ಲಿ ಇಡಬೇಕು

ಅಂಗಡಿಯಲ್ಲಿ "ಫಾಸ್ಟ್ ಚಾರ್ಜಿಂಗ್ ಕೇಬಲ್ ಕೊಡಿ ಅಣ್ಣಾ" ಎಂದರೆ ಯಾವುದೂ ಆಗುತ್ತದೆ. ಕೇಳಬೇಕಾದ್ದು ಹೀಗೆ: ಎರಡೂ ಕಡೆ ಟೈಪ್-ಸಿ, ಒಂದು ಮೀಟರ್, 3 ಆಂಪಿಯರ್ ಸಾಕೋ 5 ಬೇಕೋ. 25 ವಾಟ್‌ವರೆಗಿನ ಫೋನಿಗೆ 60 ವಾಟ್ ಎಂದು ಬರೆದ ಒಳ್ಳೆಯ ಕೇಬಲ್ ಸಾಕು. 45 ವಾಟ್ ಫೋನ್ ಅಥವಾ ದೊಡ್ಡ ಲ್ಯಾಪ್‌ಟಾಪ್ ಇದ್ದರೆ 5 ಆಂಪಿಯರ್‌ನದು. ಈಗಿನ ನಿಯಮದಲ್ಲಿ ಅದರ ಮೇಲೆ 240 ವಾಟ್ ಎಂದಿರುತ್ತದೆ, ಹಳೆಯದರಲ್ಲಿ 100 ವಾಟ್.

ಉದ್ದ ಬೇಕೇ ಬೇಕು ಎನ್ನುವವರಿಗೆ: ಉದ್ದವನ್ನು 230 ವೋಲ್ಟ್‌ನ ಕಡೆಗೆ ಕೊಡಿ. ಯುಪಿಎಸ್ ಪಾಯಿಂಟ್‌ನಿಂದ ಮಂಚದ ಬಳಿಗೆ ಒಂದು ಒಳ್ಳೆಯ ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದು, ಅಲ್ಲಿ ಗ್ಯಾನ್ ಚಾರ್ಜರ್ ಹಾಕಿ, ಒಂದು ಮೀಟರ್ ಕೇಬಲ್ ಬಳಸಿ. 230 ವೋಲ್ಟ್‌ನಲ್ಲಿ ಈ ಚಾರ್ಜರ್ ಎಳೆಯುವ ಕರೆಂಟ್ ಅರ್ಧ ಆಂಪಿಯರ್ ಆಸುಪಾಸು, ಮೂರು ಮೀಟರಿನ ವೈರ್‌ನಲ್ಲಿ ಕುಸಿತ ಲೆಕ್ಕಕ್ಕೇ ಬಾರದು. ಬಾಕ್ಸ್ ನೆಲದ ಮೇಲೆ ಬೇಡ, ಎರಚಲು ಬರುವ ಜಗಲಿಯಲ್ಲಂತೂ ಬೇಡವೇ ಬೇಡ. ಗೋಡೆಗೆ ತೂಗುಹಾಕಿ. ಚಾರ್ಜರ್ ಮೇಲೆ ಬಟ್ಟೆ ಮುಚ್ಚಬೇಡಿ. ಪುಟ್ಟ ಮೈಯಲ್ಲಿ ಶಾಖ ಹೊರಹೋಗಲು ಜಾಗ ಕಡಿಮೆ, ಹೆಚ್ಚು ಬಿಸಿಯಾದರೆ ಚಾರ್ಜರ್ ತಾನೇ ವಾಟ್ ಇಳಿಸುತ್ತದೆ.

ಅಳೆದ ಪ್ರತಿ ಕೇಬಲ್‌ಗೂ ಒಂದು ತುಂಡು ಟೇಪ್ ಸುತ್ತಿ ಅದರ ಓಮ್ ಬರೆದಿಡಿ. 0.7ರ ಆ ಸಂತೆ ಕೇಬಲ್ ಬಿಸಿಯಾಗದೆ, ಪ್ಲಗ್ ಗಟ್ಟಿಯಾಗಿದ್ದರೆ ಎಸೆಯಬೇಕಿಲ್ಲ. ಅರ್ಧ ಆಂಪಿಯರ್ ಎಳೆಯುವ ಎಮರ್ಜೆನ್ಸಿ ಲೈಟಿಗೋ ಇಯರ್‌ಬಡ್ಸ್‌ಗೋ ಅದರಲ್ಲಿ ಕುಸಿಯುವುದು 0.35 ವೋಲ್ಟ್ ಮಾತ್ರ, ಅವುಗಳಿಗೆ ಅದೇ ಸಾಕು.